ನಂಬರ್ ಅದೇ, ಕಂಪನಿ ಬೇರೆ: ಪೋರ್ಟ್ ಮಾಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ವರ್ಷ ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ನಂಬರ್ ಪೋರ್ಟ್ ಮಾಡಿಸಲು ಹೋಗಿ ಹತ್ತು ದಿನ ಓಡಾಡಿದೆವು. ಆಮೇಲೆ ಮನೆಯವರು, ಸ್ನೇಹಿತರು, ಆಫೀಸಿನವರು ಎಲ್ಲರೂ ನನ್ನನ್ನೇ ಕೇಳಲು ಶುರು ಮಾಡಿದರು. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದೆಲ್ಲ ಭಾರತದ ಮೊಬೈಲ್ ನಂಬರುಗಳ ಮಾತು. ಲ್ಯಾಂಡ್‌ಲೈನ್ ನಂಬರಿಗೆ ನಮ್ಮಲ್ಲಿ ಈ ಸೌಲಭ್ಯ ಇಲ್ಲ.

ಪೋರ್ಟ್ ಅಂದರೆ ನಿಜವಾಗಿ ಏನಾಗುತ್ತದೆ?

ಮೊದಲೆಲ್ಲ ನಂಬರಿನ ಆರಂಭದ ಅಂಕಿಗಳನ್ನು ನೋಡಿದರೆ ಸಾಕು, ಅದು ಯಾವ ಕಂಪನಿಯದು, ಯಾವ ರಾಜ್ಯದ್ದು ಎಂದು ಗೊತ್ತಾಗುತ್ತಿತ್ತು. ಕರೆ ಕಳಿಸುವ ಯಂತ್ರಗಳೂ ಹಾಗೆಯೇ ಗುರುತು ಹಿಡಿಯುತ್ತಿದ್ದವು. ನಂಬರ್ ಇಟ್ಟುಕೊಂಡು ಕಂಪನಿ ಬದಲಿಸುವ ವ್ಯವಸ್ಥೆ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಯಿತು, 2011ರ ಜನವರಿ 20ರಿಂದ ಇಡೀ ದೇಶಕ್ಕೆ ಬಂತು. ಅಂದಿನಿಂದ ಆ ಹಳೆಯ ಗುರುತು ಕೆಲಸಕ್ಕೆ ಬರುವುದಿಲ್ಲ.

ಈಗ ಪೋರ್ಟ್ ಆದ ನಂಬರುಗಳ ಒಂದು ದೊಡ್ಡ ಪಟ್ಟಿ ಇದೆ. ಅದರಲ್ಲಿ ನಂಬರಿನ ಎದುರಿಗೆ, ಸದ್ಯ ಅದು ಯಾವ ಕಂಪನಿಯ ಯಾವ ಸರ್ಕಲ್‌ನಲ್ಲಿ, ಅಂದರೆ ಮೊಬೈಲ್ ಸೇವೆಗೆಂದು ವಿಂಗಡಿಸಿದ ಯಾವ ಪ್ರದೇಶದಲ್ಲಿ ಇದೆ ಎಂದು ಹೇಳುವ ಒಂದು ಚಿಕ್ಕ ಕೋಡ್ ಇರುತ್ತದೆ. ಪ್ರತಿ ಕಂಪನಿಯೂ ಈ ಪಟ್ಟಿಯ ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ಯಾರಾದರೂ ನಿಮಗೆ ಕರೆ ಮಾಡಿದಾಗ ಅವರ ಕಂಪನಿ ಮೊದಲು ಪಟ್ಟಿ ನೋಡಿ, ಆಮೇಲೆ ಕರೆಯನ್ನು ಸರಿಯಾದ ಕಡೆಗೆ ಕಳಿಸುತ್ತದೆ.

ಈ ಪಟ್ಟಿಯನ್ನು ನೋಡಿಕೊಳ್ಳುವುದು ನಿಮ್ಮ ಹಳೆ ಕಂಪನಿಯೂ ಅಲ್ಲ, ಹೊಸ ಕಂಪನಿಯೂ ಅಲ್ಲ. ಅದಕ್ಕೆಂದೇ ಲೈಸೆನ್ಸ್ ಪಡೆದ ಎರಡು ಸಂಸ್ಥೆಗಳಿವೆ. ಉತ್ತರ ಮತ್ತು ಪಶ್ಚಿಮದ ರಾಜ್ಯಗಳಿಗೆ ಒಂದು, ದಕ್ಷಿಣ ಮತ್ತು ಪೂರ್ವಕ್ಕೆ ಇನ್ನೊಂದು. ಕರ್ನಾಟಕ ಎರಡನೆಯದರ ಕೆಳಗೆ ಬರುತ್ತದೆ. ಮುಂದೆ ನಾನು 'ಮಧ್ಯದ ಸಂಸ್ಥೆ' ಎಂದಾಗೆಲ್ಲ ಇದನ್ನೇ ಹೇಳುತ್ತಿದ್ದೇನೆ ಎಂದುಕೊಳ್ಳಿ. ಇದು ತಲೆಯಲ್ಲಿದ್ದರೆ ತಡ ಎಲ್ಲಿ ಆಗುತ್ತದೆ ಎಂಬುದು ಅರ್ಧ ಅರ್ಥವಾದ ಹಾಗೆ.

ಶುರು ಮಾಡುವುದು ಹೇಗೆ?

ಪೋರ್ಟ್ ಮಾಡಬೇಕಾದ ಸಿಮ್‌ನಿಂದಲೇ 1900ಕ್ಕೆ ಮೆಸೇಜ್ ಕಳಿಸಬೇಕು. PORT ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್.

```
PORT 9XXXXXXXXX
```

ಎಲ್ಲ ಸರಿಯಿದ್ದರೆ ಸ್ವಲ್ಪ ಹೊತ್ತಿಗೆ ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ. ಅದಕ್ಕೆ ಯುಪಿಸಿ ಎನ್ನುತ್ತಾರೆ. ಅದು ಯಾವತ್ತಿನವರೆಗೆ ನಡೆಯುತ್ತದೆ ಎಂಬುದೂ ಆ ಮೆಸೇಜಿನಲ್ಲೇ ಇರುತ್ತದೆ. ನಮ್ಮ ಕಡೆ ಅದರ ಆಯುಸ್ಸು ನಾಲ್ಕು ದಿನ. ಜಮ್ಮು ಕಾಶ್ಮೀರ, ಅಸ್ಸಾಂ ಮತ್ತು ಈಶಾನ್ಯದ ಸರ್ಕಲ್‌ಗಳಲ್ಲಿ ಮಾತ್ರ ಮೂವತ್ತು ದಿನ. ಆ ಕೋಡ್ ಮತ್ತು ನಿಮ್ಮ ಗುರುತಿನ ದಾಖಲೆ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗುತ್ತೀರಿ. ಅವರು ಕೆವೈಸಿ ಮಾಡಿ ಹೊಸ ಸಿಮ್ ಕೊಡುತ್ತಾರೆ. ಹಳೆ ಸಿಮ್ ಸಿಗ್ನಲ್ ಕಳೆದುಕೊಂಡ ದಿನ ಹೊಸದನ್ನು ಹಾಕುತ್ತೀರಿ, ಅಷ್ಟೆ.

ಇಲ್ಲಿ ನಾನು ನೋಡಿದ ಅತಿ ಸಾಮಾನ್ಯ ತಪ್ಪು ಎರಡು ಸಿಮ್ ಇರುವ ಫೋನಿನದ್ದು. ಮೆಸೇಜ್ ಯಾವ ಸಿಮ್‌ನಿಂದ ಹೋಗುತ್ತಿದೆ ಎಂದು ನೋಡದೆ ಕಳಿಸಿಬಿಡುತ್ತಾರೆ. ಬರೆದ ನಂಬರ್ ಒಂದು, ಕಳಿಸಿದ ಸಿಮ್ ಇನ್ನೊಂದು. ಆಗ ಕೋಡ್ ಬರುವುದಿಲ್ಲ. ಬರಲಿಲ್ಲ ಎಂದು ಕಂಪನಿಗೆ ಬೈಯುವ ಮೊದಲು ಕಳಿಸಿದ ಮೆಸೇಜನ್ನು ತೆರೆದು ಯಾವ ಸಿಮ್‌ನಿಂದ ಹೋಗಿದೆ ಎಂದು ನೋಡಿ.

ನನ್ನ ರೀಚಾರ್ಜ್ ಪ್ಲಾನಿನಲ್ಲಿ ಮೆಸೇಜ್ ಕಳಿಸುವ ಸೌಲಭ್ಯವೇ ಇಲ್ಲ. ಹಾಗಾದರೆ?

ಆದರೂ ಹೋಗಬೇಕು. ಕಡಿಮೆ ಬೆಲೆಯ ಕೆಲವು ಪ್ಲಾನ್‌ಗಳಲ್ಲಿ ಎಸ್‌ಎಂಎಸ್ ಕೊಡದೆ ಜನ ಪೋರ್ಟ್ ಮಾಡಲು ಆಗುತ್ತಿಲ್ಲ ಎಂಬ ದೂರು ಬಂದಾಗ, 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ಎಲ್ಲ ಕಂಪನಿಗಳಿಗೂ ಆದೇಶ ಕೊಟ್ಟಿತು. ಪ್ಲಾನ್ ಯಾವುದೇ ಇರಲಿ, ಎಷ್ಟು ರೂಪಾಯಿಯದ್ದೇ ಇರಲಿ, 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಲು ಬಿಡಲೇಬೇಕು ಎಂದು. ಪ್ರೀಪೇಯ್ಡ್, ಪೋಸ್ಟ್‌ಪೇಯ್ಡ್ ಎರಡಕ್ಕೂ ಇದು ಸೇರುತ್ತದೆ. ಮೆಸೇಜ್ ಹೋಗದಿದ್ದರೆ ಅದನ್ನೇ ದೂರಾಗಿ ಬರೆಸಿ. 'ಮೊದಲು ದೊಡ್ಡ ರೀಚಾರ್ಜ್ ಮಾಡಿಸಿ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೋಡ್ ಬದಲು 'ಅರ್ಹರಲ್ಲ' ಎಂಬ ಅರ್ಥದ ಮೆಸೇಜ್ ಬಂತು. ಏಕೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ.

2019ರ ಡಿಸೆಂಬರ್ 16ರ ತನಕ ವ್ಯವಸ್ಥೆ ಬೇರೆ ಇತ್ತು. ಕೇಳಿದ ತಕ್ಷಣ ಹಳೆ ಕಂಪನಿಯೇ ಕೋಡ್ ಕೊಟ್ಟುಬಿಡುತ್ತಿತ್ತು. ನೀವು ಅಂಗಡಿಗೆ ಹೋಗಿ, ಫಾರ್ಮ್ ತುಂಬಿ, ಸಿಮ್ ತಂದು ಕಾದು ಕೂತ ಮೇಲೆ ಹಳೆ ಕಂಪನಿ ಬಾಕಿ ಇದೆ, ಅದಿದೆ ಇದಿದೆ ಎಂದು ತಿರಸ್ಕರಿಸುತ್ತಿತ್ತು. ಈಗ ಪರೀಕ್ಷೆ ಮೊದಲೇ ನಡೆಯುತ್ತದೆ. ನಿಮ್ಮ ಮೆಸೇಜ್ ಹೋದ ಕೂಡಲೇ ಮಧ್ಯದ ಸಂಸ್ಥೆ ಹಳೆ ಕಂಪನಿಯನ್ನು ಕೇಳುತ್ತದೆ, ಉತ್ತರಗಳೆಲ್ಲ ಸರಿಯಿದ್ದರೆ ಮಾತ್ರ ಕೋಡ್ ಹುಟ್ಟುತ್ತದೆ. ಸರಿಯಿಲ್ಲದಿದ್ದರೆ ಕಾರಣ ಹೇಳಿ ಮೆಸೇಜ್ ಬರುತ್ತದೆ. ಅಂದರೆ ಕೋಡ್ ಕೈಗೆ ಬಂತು ಎಂದರೆ ದೊಡ್ಡ ಅಡ್ಡಿಗಳೆಲ್ಲ ಕಳೆದಿವೆ ಎಂದೇ ಅರ್ಥ. ಕೋಡ್ ಬರಲಿಲ್ಲ ಎಂದರೆ ಆ ಮೆಸೇಜಿನಲ್ಲಿರುವ ಕಾರಣವನ್ನು ಓದಿ. ಬಹಳ ಜನ ಅದನ್ನು ಓದದೆ ಮತ್ತೆ ಮತ್ತೆ PORT ಎಂದು ಕಳಿಸುತ್ತಾ ಕೂರುತ್ತಾರೆ. ಕಾರಣ ಹೋಗುವ ತನಕ ಎಷ್ಟು ಸಲ ಕಳಿಸಿದರೂ ಅದೇ ಉತ್ತರ.

ಹೆಚ್ಚಾಗಿ ಬರುವ ಕಾರಣ ತೊಂಬತ್ತು ದಿನದ್ದು. ಈಗಿನ ಕಂಪನಿಯಲ್ಲಿ ನಿಮ್ಮ ನಂಬರ್ ಚಾಲೂ ಆಗಿ 90 ದಿನ ಆಗಿರಬೇಕು. ಹೊಸ ಸಿಮ್ ಆದರೆ ಅದು ಚಾಲೂ ಆದ ದಿನದಿಂದ, ಪೋರ್ಟ್ ಆಗಿ ಬಂದದ್ದಾದರೆ ಪೋರ್ಟ್ ಮುಗಿದ ದಿನದಿಂದ ಲೆಕ್ಕ. ಹೊಸ ಕಂಪನಿಗೆ ಹೋಗಿ ವಾರದಲ್ಲೇ ಮನೆಯೊಳಗೆ ಟವರ್ ಸಿಗುತ್ತಿಲ್ಲ ಎಂದು ಗೊತ್ತಾದರೂ ಮೂರು ತಿಂಗಳು ಅಲ್ಲೇ ಇರಬೇಕು. ಹಾಗಾಗಿ ಪೋರ್ಟ್ ಮಾಡುವ ಮೊದಲು ಆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನೋ ನೆಂಟರನ್ನೋ ಕರೆದು ನಿಮ್ಮ ಅಡುಗೆಮನೆ, ಮಲಗುವ ಕೋಣೆಯಲ್ಲಿ ಒಂದು ಕರೆ ಮಾಡಿಸಿ ನೋಡಿ. ಜಾಹೀರಾತಿನ ನಕ್ಷೆಗಿಂತ ಇದು ನಂಬಬಹುದಾದ ಪರೀಕ್ಷೆ.

ಎರಡನೆಯದು ಪೋಸ್ಟ್‌ಪೇಯ್ಡ್ ಬಾಕಿ. ಇದಕ್ಕೆ ಮುಂದೆ ಬೇರೆಯಾಗಿಯೇ ಬರುತ್ತೇನೆ.

ಮೂರನೆಯದು ಇತ್ತೀಚಿನದು. 2024ರ ಜುಲೈ 1ರಿಂದ, ಸಿಮ್ ಕಳೆದೋ ಕೆಟ್ಟೋ ಅದೇ ನಂಬರಿಗೆ ಬದಲಿ ಸಿಮ್ ತೆಗೆದುಕೊಂಡಿದ್ದರೆ ಏಳು ದಿನ ಕೋಡ್ ಸಿಗುವುದಿಲ್ಲ. ಇದು ನಿಮ್ಮನ್ನು ಕಾಡಿಸಲು ಮಾಡಿದ ನಿಯಮ ಅಲ್ಲ. ಕಳ್ಳರು ಬೇರೆಯವರ ಹೆಸರಿನಲ್ಲಿ ಬದಲಿ ಸಿಮ್ ತೆಗೆಸಿ, ಕೂಡಲೇ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ, ಬ್ಯಾಂಕಿನ ಒಟಿಪಿಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುವುದನ್ನು ತಡೆಯಲು ಮಾಡಿದ್ದು. ತನ್ನ ಸಿಮ್ ಇದ್ದಕ್ಕಿದ್ದಂತೆ ಸತ್ತದ್ದು ಏಕೆ ಎಂದು ನಿಜವಾದ ಮಾಲೀಕನಿಗೆ ವಿಚಾರಿಸಲು ಆ ಏಳು ದಿನ ಸಮಯ ಕೊಡುತ್ತವೆ.

ಇವಲ್ಲದೆ ನಂಬರನ್ನು ಇನ್ನೊಬ್ಬರ ಹೆಸರಿಗೆ ಮಾಡಿಸುವ ಅರ್ಜಿ ನಡೆಯುತ್ತಿದ್ದರೆ, ಕಂಪನಿಯ ಜೊತೆ ಇಂತಿಷ್ಟು ತಿಂಗಳು ಇರುತ್ತೇನೆ ಎಂಬ ಒಪ್ಪಂದ ಮುಗಿಯದಿದ್ದರೆ, ನಂಬರಿನ ವಿಷಯ ಕೋರ್ಟಿನಲ್ಲಿದ್ದರೆ ಕೋಡ್ ಬರುವುದಿಲ್ಲ. ಇವು ಅಪರೂಪ.

ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ಕಟ್ಟಲು ಇನ್ನೂ ಹತ್ತು ದಿನ ಇದೆ. ಆದರೂ 'ಬಾಕಿ ಇದೆ' ಎನ್ನುತ್ತಿದ್ದಾರಲ್ಲ?

ನಿಯಮ ನೋಡುವುದು ಬಿಲ್ ಬಂದಿದೆಯೇ, ಕಟ್ಟಿದ್ದೀರಾ ಎಂಬುದನ್ನು. ಕೊನೆಯ ದಿನಾಂಕ ದಾಟಿಲ್ಲ ಎಂಬ ಧೈರ್ಯದಲ್ಲಿ ಇರಬೇಡಿ, ಬಂದಿರುವ ಬಿಲ್ಲನ್ನು ಪೂರ್ತಿ ಕಟ್ಟಿ ಆಮೇಲೆ ಮೆಸೇಜ್ ಕಳಿಸಿ. ಕಟ್ಟಿದ ಹಣ ಕಂಪನಿಯ ಲೆಕ್ಕದಲ್ಲಿ ಏರಲು ಒಂದೊಂದು ಸಲ ಸಮಯ ಹಿಡಿಯುತ್ತದೆ. ಅವರ ಆ್ಯಪಿನಲ್ಲಿ ಬಾಕಿ ಸೊನ್ನೆ ಎಂದು ಕಂಡ ಮೇಲೆ ಕಳಿಸುವುದು ಒಳ್ಳೆಯದು.

ಇದಕ್ಕೆ ಸರಿಯಾದ ಸಮಯ ಯಾವುದು ಎಂದು ಕೇಳಿದರೆ, ಹೊಸ ಬಿಲ್ ಬಂದು ಅದನ್ನು ಕಟ್ಟಿದ ಮಾರನೆಯ ದಿನ ಎನ್ನುತ್ತೇನೆ. ಮುಂದಿನ ಬಿಲ್ ಹುಟ್ಟಲು ಪೂರ್ತಿ ಒಂದು ತಿಂಗಳು ಇರುತ್ತದೆ, ಮಧ್ಯದಲ್ಲಿ ಹೊಸ ಬಾಕಿ ಎದ್ದು ಅಡ್ಡ ಬರುವುದಿಲ್ಲ.

ಕೋಡ್ ಸಿಕ್ಕ ಮೇಲೂ ತಿರಸ್ಕಾರ ಆಗಬಹುದೇ?

ಆಗಬಹುದು, ಆದರೆ ಕಾರಣಗಳು ಬಹಳ ಕಡಿಮೆ. ಒಂದು, ಕೋಡಿನ ಅವಧಿ ಮುಗಿದಿರುವುದು. ಇನ್ನೊಂದು, ಕೋಡ್ ತಪ್ಪಾಗಿ ಟೈಪ್ ಆಗಿರುವುದು. ಕೋಡಿನಲ್ಲಿ ಅಕ್ಷರ, ಅಂಕಿ ಎರಡೂ ಬೆರೆತಿರುತ್ತವೆ. ಸೊನ್ನೆಯೋ ಇಂಗ್ಲಿಷಿನ O ಅಕ್ಷರವೋ, ಒಂದೋ I ಅಕ್ಷರವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬಾಯಲ್ಲಿ ಹೇಳಿ ಬರೆಸಬೇಡಿ. ಮೆಸೇಜನ್ನೇ ಅಂಗಡಿಯವರಿಗೆ ತೋರಿಸಿ, ಅವರು ಒತ್ತಿದ್ದನ್ನು ನೀವು ಒಮ್ಮೆ ನೋಡಿ.

ಹೊಸ ಕಂಪನಿಯ ಕಡೆಯಿಂದಲೂ ಒಂದು ಅಡ್ಡಿ ಬರಬಹುದು. ಅವರಿಗೆ ನೀವು ಹೊಸ ಗ್ರಾಹಕರು, ಹಾಗಾಗಿ ಹೊಸ ಸಿಮ್‌ಗೆ ಇರುವ ನಿಯಮಗಳೆಲ್ಲ ಅನ್ವಯಿಸುತ್ತವೆ. ಒಬ್ಬರ ಹೆಸರಲ್ಲಿ ಎಲ್ಲ ಕಂಪನಿ ಸೇರಿ ಒಂಬತ್ತು ಸಂಪರ್ಕ ಮಾತ್ರ ಇರಬಹುದು. ಜಮ್ಮು ಕಾಶ್ಮೀರ, ಅಸ್ಸಾಂ, ಈಶಾನ್ಯದಲ್ಲಿ ಆರು. ಮನೆಮಂದಿಗೆಲ್ಲ ಅಪ್ಪನ ಆಧಾರ್‌ನಲ್ಲೇ ಸಿಮ್ ತೆಗೆಸಿರುವ ಮನೆಗಳಲ್ಲಿ ಈ ಲೆಕ್ಕ ತುಂಬಿರುವುದುಂಟು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ತಿಳಿಸಬಹುದು.

ಅಕ್ಕನ ನಂಬರಿಗೆ ಹತ್ತು ದಿನ ಹಿಡಿದದ್ದು ಹೇಗೆ?

ತಪ್ಪು ಯಾವ ಯಾವ ಹಂತದಲ್ಲಿ ಆಗುತ್ತದೆ ಎಂದು ತೋರಿಸಲು ಇದನ್ನು ದಿನ ದಿನದ ಲೆಕ್ಕದಲ್ಲಿ ಬರೆಯುತ್ತೇನೆ.

ಅವಳದು ಪೋಸ್ಟ್‌ಪೇಯ್ಡ್. ಪ್ರತಿ ತಿಂಗಳು 3ನೇ ತಾರೀಕು ಬಿಲ್. 6ನೇ ತಾರೀಕು ಸೋಮವಾರ ಮೊದಲ ಮೆಸೇಜ್ ಕಳಿಸಿದಳು. ಬಾಕಿ ಇದೆ, ಕೋಡ್ ಕೊಡಲಾಗದು ಎಂದು ಉತ್ತರ ಬಂತು. ಬಿಲ್ ಬಂದು ಮೂರೇ ದಿನ ಆಗಿತ್ತು, ಅವಳಿಗೆ ಕಟ್ಟಬೇಕೆಂದೇ ಹೊಳೆದಿರಲಿಲ್ಲ. ಆ ರಾತ್ರಿಯೇ ಕಟ್ಟಿದಳು. ಬುಧವಾರ 8ನೇ ತಾರೀಕು ಮತ್ತೆ ಕಳಿಸಿದಾಗ ಕೋಡ್ ಬಂತು, 12ರವರೆಗೆ ನಡೆಯುವಂಥದ್ದು.

ಗುರುವಾರ ಅಂಗಡಿಗೆ ಹೋದಳು. ಅಂಗಡಿಯಲ್ಲಿ ರಶ್ಶು. ಹುಡುಗ ಕೇಳಿದ, ಇವಳು ಓದಿ ಹೇಳಿದಳು, ಅವನು ಒತ್ತಿದ. ಸೊನ್ನೆ ಇದ್ದ ಕಡೆ O ಬಿತ್ತು. ಶುಕ್ರವಾರ ಕೋಡ್ ಹೊಂದಿಕೆಯಾಗುತ್ತಿಲ್ಲ ಎಂದು ತಿರಸ್ಕಾರದ ಮೆಸೇಜ್ ಬಂತು. ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿ, 'ಹಳೆ ಕಂಪನಿಯವರು ಬಿಡ್ತಾ ಇಲ್ಲ ಕಣೋ' ಎಂದಳು. ಹಳೆ ಕಂಪನಿಯವರು ಇದರಲ್ಲಿ ಏನೂ ಮಾಡಿರಲಿಲ್ಲ. ಕೋಡಿಗೆ ಇನ್ನೂ ಎರಡು ದಿನ ಆಯುಸ್ಸು ಇತ್ತು. ಹಾಗಾಗಿ ಹೊಸ ಕೋಡ್ ಬೇಕಾಗಲಿಲ್ಲ. ಶನಿವಾರ ಅದೇ ಅಂಗಡಿಗೆ ಹೋಗಿ, ಮೆಸೇಜ್ ತೋರಿಸಿ ಸರಿಯಾಗಿ ಹಾಕಿಸಿದಳು. ಭಾನುವಾರ ಲೆಕ್ಕಕ್ಕಿಲ್ಲ. ಮಂಗಳವಾರ ರಾತ್ರಿ ಹಳೆ ಸಿಮ್ ಸತ್ತು, ಬುಧವಾರ 15ರ ಬೆಳಗ್ಗೆ ಹೊಸದು ಎದ್ದಿತು.

ಬಿಲ್ಲನ್ನು ಮೊದಲೇ ಕಟ್ಟಿದ್ದರೆ, ಕೋಡನ್ನು ತೋರಿಸಿ ಹಾಕಿಸಿದ್ದರೆ ಗುರುವಾರವೋ ಶುಕ್ರವಾರವೋ ಮುಗಿಯುತ್ತಿತ್ತು.

ಸರಿಯಾಗಿ ಎಷ್ಟು ದಿನ ಹಿಡಿಯಬೇಕು?

ಒಂದೇ ಸರ್ಕಲ್ ಒಳಗೆ ಆದರೆ ಮೂರು ಕೆಲಸದ ದಿನ. ಬೇರೆ ಸರ್ಕಲ್‌ಗೆ ಆದರೆ ಐದು. ಕಂಪನಿಯ ಹೆಸರಲ್ಲಿರುವ ನಂಬರುಗಳಿಗೂ ಐದು. ಜಮ್ಮು ಕಾಶ್ಮೀರ, ಅಸ್ಸಾಂ, ಈಶಾನ್ಯದಲ್ಲಿ ಹದಿನೈದರವರೆಗೆ ಹೋಗಬಹುದು. 'ಕೆಲಸದ ದಿನ' ಎಂಬ ಮಾತನ್ನು ಗಮನಿಸಿ. ದಸರಾ, ದೀಪಾವಳಿಯ ವಾರದಲ್ಲಿ ಕೊಟ್ಟರೆ ಮೂರು ದಿನ ಅನ್ನುವುದು ಕ್ಯಾಲೆಂಡರಿನಲ್ಲಿ ಆರಾಗಿಬಿಡುತ್ತದೆ. ಅದು ತಡ ಅಲ್ಲ, ಲೆಕ್ಕವೇ ಹಾಗೆ. ಇನ್ನೊಂದು, ದಿನ ಎಣಿಸಬೇಕಾದ್ದು ನೀವು ಕೋಡ್ ತೆಗೆದುಕೊಂಡ ದಿನದಿಂದ ಅಲ್ಲ, ಹೊಸ ಕಂಪನಿ ಅರ್ಜಿಯನ್ನು ಒಳಗೆ ಹಾಕಿದ ದಿನದಿಂದ. ಅಂಗಡಿಯವರು ಇವತ್ತು ಕಾಗದ ತೆಗೆದುಕೊಂಡು ನಾಳೆ ನಾಡಿದ್ದು ಕಂಪ್ಯೂಟರಿಗೆ ಹಾಕಿದರೆ ಆ ದಿನಗಳು ಸುಮ್ನೆ ಹೋಗುತ್ತವೆ, ಕೋಡಿನ ನಾಲ್ಕು ದಿನವೂ ಕರಗುತ್ತಿರುತ್ತದೆ. ನಿಮ್ಮ ಎದುರಿಗೇ ಹಾಕಿಸಿ, ಅರ್ಜಿ ಸ್ವೀಕರಿಸಿದ್ದೇವೆ ಎಂಬ ಮೆಸೇಜ್ ಬಂದ ಮೇಲೆ ಹೊರಡಿ.

ಸರ್ಕಲ್ ಅಂದರೆ? ಬೆಂಗಳೂರಿನಿಂದ ಬೆಳಗಾವಿಗೆ ಹೋದರೆ ಬೇರೆ ಸರ್ಕಲ್ಲೇ?

ಇಲ್ಲ. ಇಡೀ ಕರ್ನಾಟಕ ಒಂದೇ ಸರ್ಕಲ್. ಹೊಸೂರು ತಮಿಳುನಾಡಿಗೆ ಸೇರುತ್ತದೆ, ಕಾಸರಗೋಡು ಕೇರಳಕ್ಕೆ. ಮುಂಬೈ ತನ್ನದೇ ಒಂದು ಸರ್ಕಲ್. ಉಳಿದ ಮಹಾರಾಷ್ಟ್ರ ಗೋವಾವನ್ನೂ ಸೇರಿಸಿಕೊಂಡು ಇನ್ನೊಂದು, ಹಾಗಾಗಿ ಸೊಲ್ಲಾಪುರದವರೂ ಮುಂಬೈಯವರೂ ಬೇರೆ ಬೇರೆ. 2015ರ ಜುಲೈ ತನಕ ಸರ್ಕಲ್ ದಾಟಿ ಪೋರ್ಟ್ ಮಾಡಲು ಆಗುತ್ತಿರಲಿಲ್ಲ, ಈಗ ಆಗುತ್ತದೆ. ಕೆಲಸಕ್ಕೆಂದು ಮುಂಬೈಗೋ ಪುಣೆಗೋ ಹೋದವರು ಊರಿನ ನಂಬರ್ ಇಟ್ಟುಕೊಂಡೇ ಅಲ್ಲಿಯ ಸರ್ಕಲ್‌ಗೆ ಹೋಗಬಹುದು.

ಎರಡೂ ಸಿಮ್ ಸತ್ತಿವೆ! ಏನು ಮಾಡಲಿ?

ಮೊದಲು ಸ್ವಲ್ಪ ಕಾಯಿರಿ. ಬದಲಾವಣೆ ಆಗುವ ಕ್ರಮ ಹೀಗೆ: ಮಧ್ಯದ ಸಂಸ್ಥೆ ಹೇಳಿದಾಗ ಹಳೆ ಕಂಪನಿ ನಂಬರನ್ನು ತನ್ನ ಕಡೆಯಿಂದ ಕಡಿದುಹಾಕುತ್ತದೆ, ಆಮೇಲೆ ಹೊಸ ಕಂಪನಿ ಚಾಲೂ ಮಾಡುತ್ತದೆ, ಕೊನೆಗೆ ಪಟ್ಟಿಯ ಹೊಸ ಸಾಲು ದೇಶದ ಎಲ್ಲ ಕಂಪನಿಗಳಿಗೂ ಹೋಗುತ್ತದೆ. ಕಡಿಯುವುದಕ್ಕೂ ಚಾಲೂ ಮಾಡುವುದಕ್ಕೂ ನಡುವೆ ನೀವು ಯಾರ ಗ್ರಾಹಕರೂ ಅಲ್ಲ. ಆಗ ಎರಡೂ ಸಿಮ್ ಸತ್ತಂತೆ ಕಾಣುತ್ತವೆ. ಇದು ಸಾಮಾನ್ಯವಾಗಿ ರಾತ್ರಿ ಹೊತ್ತು, ಹೆಚ್ಚೆಂದರೆ ನಾಲ್ಕು ಗಂಟೆ. ಹಳೆ ಸಿಮ್ ಪೂರ್ತಿ ಸಿಗ್ನಲ್ ಬಿಟ್ಟ ಮೇಲೆ ಹೊಸದನ್ನು ಹಾಕಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅಲ್ಲಿಯ ತನಕ ಹಳೆಯದು ಫೋನಿನಲ್ಲೇ ಇರಲಿ. ಯಾವ ದಿನ ಬದಲಾಗುತ್ತದೆ ಎಂಬ ಮೆಸೇಜ್ ಅದಕ್ಕೇ ಬರುತ್ತದೆ.

ಮನೆಯಲ್ಲಿ ಹುಷಾರಿಲ್ಲದವರು, ವಯಸ್ಸಾದವರು ಇದ್ದರೆ ಆ ರಾತ್ರಿ ಅವರ ಕೈಗೆ ಸಿಗುವ ಹಾಗೆ ಇನ್ನೊಂದು ನಂಬರ್ ಇಟ್ಟಿರಿ. ನಾಲ್ಕು ಗಂಟೆ ದಾಟಿ ಮಾರನೆಯ ಬೆಳಗ್ಗೆಯೂ ಎದ್ದಿಲ್ಲ ಎಂದರೆ ಹೊಸ ಕಂಪನಿಯನ್ನು ಹಿಡಿಯಿರಿ. ಆ ಹೊತ್ತಿಗೆ ಹಳೆಯವರ ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಕರೆ ಮಾಡಿದರೆ ಹೋಗುತ್ತದೆ, ಆದರೆ ಕೆಲವರ ಕರೆ ನನಗೆ ಬರುತ್ತಿಲ್ಲ. ಏಕೆ?

ಇದು ಪಟ್ಟಿಯ ತೊಂದರೆ. ನಿಮ್ಮ ಸಿಮ್ ಸರಿ ಇದೆ, ಆದರೆ ಯಾವುದೋ ಒಂದು ಕಂಪನಿಯಲ್ಲಿರುವ ಪ್ರತಿಯಲ್ಲಿ ನಿಮ್ಮ ಸಾಲು ಇನ್ನೂ ಬದಲಾಗಿಲ್ಲ. ಅವರು ಕರೆಯನ್ನು ಹಳೆ ಮನೆಗೇ ಕಳಿಸುತ್ತಿದ್ದಾರೆ, ಅಲ್ಲಿ ನೀವಿಲ್ಲ. ಪತ್ತೆ ಮಾಡುವುದು ಸುಲಭ. ಕರೆ ಸಿಗದವರೆಲ್ಲ ಯಾವ ಕಂಪನಿಯವರು ಎಂದು ಕೇಳಿ. ಎಲ್ಲರೂ ಒಂದೇ ಕಂಪನಿಯವರಾದರೆ ಉತ್ತರ ಸಿಕ್ಕಿತು. ಹೊಸ ಕಂಪನಿಗೆ ದೂರು ಕೊಡುವಾಗ 'ಕರೆ ಬರುತ್ತಿಲ್ಲ' ಎಂದಷ್ಟೇ ಹೇಳಬೇಡಿ. 'ಇಂಥ ಕಂಪನಿಯ ನಂಬರುಗಳಿಂದ ಮಾತ್ರ ಬರುತ್ತಿಲ್ಲ, ಉಳಿದವರದು ಬರುತ್ತಿದೆ, ಪೋರ್ಟ್ ಆದದ್ದು ಇಂಥ ದಿನ' ಎಂದು ಹೇಳಿ. ಫೋನ್ ರಿಸ್ಟಾರ್ಟ್ ಮಾಡಿ ಎಂಬ ಸಲಹೆ ಬಿಟ್ಟು ಮಾತು ಮುಂದೆ ಹೋಗುತ್ತದೆ.

ಒಟಿಪಿ ಬರದಿರುವುದಕ್ಕೂ ಇದೇ ಕಾರಣ ಇರಬಹುದು. ಯುಪಿಐ ಆ್ಯಪ್‌ಗಳ ಮಾತು ಬೇರೆ. ಅವು ನಿಮ್ಮ ಸಿಮ್‌ಗೆ ಗಂಟು ಹಾಕಿಕೊಂಡಿರುತ್ತವೆ. ಸಿಮ್ ಬದಲಾದದ್ದನ್ನು ಕಂಡು ಮತ್ತೆ ಪರಿಶೀಲನೆ ಕೇಳುತ್ತವೆ, ಅದಕ್ಕೆ ಹೊಸ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಬೇಕು. ಪೋರ್ಟ್ ನಡೆಯುವ ಎರಡು ದಿನ ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.

ನನ್ನ ಹಳೆ ಬ್ಯಾಲೆನ್ಸ್, ಉಳಿದ ದಿನಗಳು ಹೊಸ ಕಡೆಗೆ ಬರುತ್ತವೆಯೇ?

ಬರುವುದಿಲ್ಲ. ವರ್ಷದ ಪ್ಲಾನ್ ಹಾಕಿಸಿ ಎಂಟು ತಿಂಗಳು ಉಳಿದಿದ್ದರೂ ಹೋಯಿತು. ಪ್ಲಾನ್ ಮುಗಿಯಲು ಒಂದು ವಾರ ಇರುವಾಗ ಪೋರ್ಟ್ ಶುರು ಮಾಡಿದರೆ ನಷ್ಟ ಕಡಿಮೆ.

ಇದಕ್ಕೆ ದುಡ್ಡು ಎಷ್ಟು?

ಒಂದು ಪೋರ್ಟ್‌ಗೆ ಟ್ರಾಯ್ ನಿಗದಿ ಮಾಡಿದ ಶುಲ್ಕ 6 ರೂಪಾಯಿ 46 ಪೈಸೆ. ಅದು ಮಧ್ಯದ ಸಂಸ್ಥೆಗೆ ಹೋಗುವ ಹಣ. ಅಂಗಡಿಯಲ್ಲಿ ಮೊದಲ ರೀಚಾರ್ಜ್‌ಗೆ ಕೊಡುವುದು ಬೇರೆ. 'ಪೋರ್ಟಿಂಗ್ ಚಾರ್ಜ್' ಎಂದು ಇನ್ನೂರು ಮುನ್ನೂರು ಕೇಳಿದರೆ ಯಾವುದಕ್ಕೆ ಎಂದು ಬಿಡಿಸಿ ಕೇಳಿ.

ಮನಸ್ಸು ಬದಲಾಯಿತು. ನಿಲ್ಲಿಸಬಹುದೇ?

ಅರ್ಜಿ ಕೊಟ್ಟ 24 ಗಂಟೆಯೊಳಗೆ ನಿಲ್ಲಿಸಬಹುದು. CANCEL ಎಂದು ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಕಳಿಸಿ. ಬರೀ ಕೋಡ್ ತೆಗೆದುಕೊಂಡು ಅಂಗಡಿಗೆ ಹೋಗಿಲ್ಲದಿದ್ದರೆ ಏನೂ ಮಾಡಬೇಕಿಲ್ಲ, ಅವಧಿ ಮುಗಿದು ತಾನೇ ಸಾಯುತ್ತದೆ. ಕೋಡ್ ಕೇಳಿದ್ದು ಗೊತ್ತಾದ ಕೂಡಲೇ ಹಳೆ ಕಂಪನಿಯಿಂದ ಕರೆ ಮೇಲೆ ಕರೆ ಬಂದು ಒಳ್ಳೆ ಆಫರ್ ಕೊಡುತ್ತೇವೆ ಎನ್ನಬಹುದು. ಕೇಳುವುದು ಬಿಡುವುದು ನಿಮ್ಮ ಇಷ್ಟ. ಆದರೆ ನೀವು ಬೇಡ ಎಂದ ಮಾತ್ರಕ್ಕೆ ಪೋರ್ಟ್ ತಡೆಹಿಡಿಯುವ ಹಕ್ಕು ಅವರಿಗಿಲ್ಲ.

ಸಿಮ್ ಅಪ್ಪನ ಹೆಸರಲ್ಲಿದೆ, ಬಳಸುವುದು ನಾನು. ನಾನೇ ಪೋರ್ಟ್ ಮಾಡಿಸಬಹುದೇ?

ಅಪ್ಪನ ನಂಬರ್ ಅಪ್ಪನ ಹೆಸರಲ್ಲೇ ಪೋರ್ಟ್ ಆಗಲಿ, ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ನಿಮ್ಮ ಹೆಸರಿಗೇ ಬೇಕು ಎಂದರೆ ಮೊದಲು ಹಳೆ ಕಂಪನಿಯಲ್ಲಿ ಹೆಸರು ಬದಲಿಸಿ, ಅದು ಪೂರ್ತಿ ಮುಗಿದ ಮೇಲೆ PORT ಮೆಸೇಜ್ ಕಳಿಸಿ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಕೋಡ್ ಬರುವುದಿಲ್ಲ.

ಆಫೀಸಿನವರು ಕೊಟ್ಟ ನಂಬರಾದರೆ ಅದು ಆಫೀಸಿನದು. ಅವರಿಂದ ಒಪ್ಪಿಗೆ ಪತ್ರ ಬೇಕು, ಅದರಲ್ಲಿ ಸಹಿ ಮಾಡುವ ಅಧಿಕಾರ ಇರುವವರ ಸಹಿ ಇರಬೇಕು. ಕೆಲಸ ಬಿಡುವಾಗ ಬಹಳ ಜನ ಇದನ್ನು ಕೊನೆಯ ದಿನ ಕೇಳುತ್ತಾರೆ. ರಾಜೀನಾಮೆ ಕೊಟ್ಟ ವಾರದಲ್ಲೇ ಕೇಳಿ.

ನಾನು ಕೇಳದೆಯೇ ಪೋರ್ಟ್ ಕೋಡ್ ಬಂದಿದೆ!

ನಿಮ್ಮ ಫೋನಿನಿಂದ ಯಾರೋ 1900ಕ್ಕೆ ಮೆಸೇಜ್ ಕಳಿಸಿದ್ದಾರೆ. ಮಕ್ಕಳ ಕೈಗೆ ಫೋನ್ ಕೊಟ್ಟಿದ್ದಿರಾ, ಅಂಗಡಿಯಲ್ಲಿ ಯಾರಿಗಾದರೂ ಕೊಟ್ಟಿದ್ದಿರಾ ನೆನಪಿಸಿಕೊಳ್ಳಿ. ಗೊತ್ತಿಲ್ಲದ ಆ್ಯಪ್ ಇದ್ದರೆ ತೆಗೆದುಹಾಕಿ. ಮುಖ್ಯವಾಗಿ ಆ ಕೋಡನ್ನು ಫೋನಿನಲ್ಲಿ ಕೇಳುವ ಯಾರಿಗೂ ಹೇಳಬೇಡಿ, 'ಕಸ್ಟಮರ್ ಕೇರ್‌ನಿಂದ' ಎಂದರೂ ಸರಿ. ಹೊಸ ಕಂಪನಿಯ ಮುಂದೆ ನಂಬರನ್ನು ಬಿಟ್ಟುಕೊಡಲು ನಿಮ್ಮ ಒಪ್ಪಿಗೆ ಎಂದು ನಿಲ್ಲುವುದು ಅದೇ.

ತಪ್ಪಾಗಿ ತಿರಸ್ಕರಿಸಿದರೆ ಯಾರಿಗೆ ಹೇಳುವುದು?

ಕೋಡ್ ಬಾರದಿದ್ದರೆ ಹಳೆ ಕಂಪನಿಗೆ, ಕೋಡ್ ಕೊಟ್ಟ ಮೇಲಿನ ತೊಂದರೆಗೆ ಹೊಸ ಕಂಪನಿಗೆ. 198ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಇಲ್ಲದೆ ಮುಂದಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅದಕ್ಕೂ ದುಡ್ಡಿಲ್ಲ. ಆಮೇಲೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಗೆ ಹಾಕಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ಬಿಡಿಸುವ ಕಚೇರಿ ಅಲ್ಲ. ಆದರೆ ತಪ್ಪಾಗಿ ತಿರಸ್ಕರಿಸಿದ ಒಂದೊಂದು ಅರ್ಜಿಗೂ ಹತ್ತು ಸಾವಿರ ರೂಪಾಯಿಯವರೆಗೆ ಕಂಪನಿಗೆ ದಂಡ ಹಾಕಲು ನಿಯಮದಲ್ಲಿ ಅವಕಾಶ ಇದೆ. ದೂರು ಬರೆಯುವಾಗ ತಿರಸ್ಕಾರದ ಮೆಸೇಜಿನ ಸ್ಕ್ರೀನ್‌ಶಾಟ್, ಬಿಲ್ ಕಟ್ಟಿದ ರಸೀದಿ ಎರಡನ್ನೂ ಜೊತೆಗಿಡಿ.

ಎಲ್ಲ ಮುಗಿಯಿತು. ಹಳೆ ಕಂಪನಿಯ ಜೊತೆ ಇನ್ನೇನಾದರೂ ಉಳಿದಿದೆಯೇ?

ಪ್ರೀಪೇಯ್ಡ್ ಆದರೆ ಇಲ್ಲ. ಪೋಸ್ಟ್‌ಪೇಯ್ಡ್ ಆದರೆ ಇದೆ. ಕೊನೆಯ ಬಿಲ್ಲಿನ ದಿನದಿಂದ ಪೋರ್ಟ್ ಆದ ದಿನದ ತನಕ ಬಳಸಿದ್ದಕ್ಕೆ ಇನ್ನೊಂದು ಬಿಲ್ ಬರುತ್ತದೆ. ಅಕ್ಕನಿಗೆ 3ರಿಂದ 14ರವರೆಗಿನದ್ದು ಬರಬೇಕಿತ್ತು. ಬಂದಿತ್ತು ಕೂಡ, ಆದರೆ ಅವಳು ವರ್ಷಗಳಿಂದ ತೆರೆಯದ ಒಂದು ಇಮೇಲಿಗೆ. ಹಳೆ ಕಂಪನಿಯ ಆ್ಯಪಿನಲ್ಲಿ ನೋಡೋಣ ಎಂದರೆ ನಂಬರ್ ಅವರದಲ್ಲದ ಕಾರಣ ಲಾಗಿನ್ ಆಗಲಿಲ್ಲ. ಎರಡು ತಿಂಗಳ ಮೇಲೆ ಹೊಸ ಕಂಪನಿಯಿಂದ ಮೆಸೇಜ್ ಬಂತು: ಹಳೆಯವರಿಗೆ ಬಾಕಿ ಇದೆ, ಕಟ್ಟದಿದ್ದರೆ ಸೇವೆ ನಿಲ್ಲುತ್ತದೆ ಎಂದು. ಅದು ಬೆದರಿಕೆ ಅಲ್ಲ. ಪೋರ್ಟ್ ಆದ ಮೇಲೆ ಬಾಕಿ ಉಳಿಸಿಕೊಂಡರೆ ಹಳೆ ಕಂಪನಿ ಕೇಳಿದಾಗ ಹೊಸ ಕಂಪನಿ ಸಂಪರ್ಕ ಕಡಿಯಬೇಕು ಎಂಬುದು ನಿಯಮದಲ್ಲೇ ಇದೆ. ಇದ್ದದ್ದು 212 ರೂಪಾಯಿ. ಅಷ್ಟಕ್ಕೆ ಇಪ್ಪತ್ತು ವರ್ಷದ ನಂಬರ್ ಹೋಗುತ್ತಿತ್ತು.

ಹಾಗಾಗಿ ಪೋಸ್ಟ್‌ಪೇಯ್ಡ್‌ನವರು ಕೋಡ್ ಕೇಳುವ ಮೊದಲೇ ಹಳೆ ಆ್ಯಪಿಗೆ ಹೋಗಿ ಅಲ್ಲಿ ಈಗ ಬಳಸುವ ಇಮೇಲ್ ಹಾಕಿ, ಖಾತೆ ಸಂಖ್ಯೆ ಬರೆದುಕೊಳ್ಳಿ. ಕೊನೆಯ ಬಿಲ್ ಕಟ್ಟಿದ ಮೇಲೆ ಬಾಕಿ ಏನೂ ಇಲ್ಲ ಎಂದು ಒಂದು ಇಮೇಲ್ ಉತ್ತರ ತೆಗೆದುಕೊಳ್ಳಿ. ಮೊದಲು ಸಿಮ್ ತೆಗೆದುಕೊಂಡಾಗ ಡೆಪಾಸಿಟ್ ಕಟ್ಟಿದ್ದರೆ ಅದನ್ನೂ ಅದೇ ಇಮೇಲಿನಲ್ಲಿ ಕೇಳಿ.